ರೀಬಿಲ್ಡ್ ಗುಂಡಿ ಒತ್ತಿದರೆ ಚನ್ನರಾಯನದುರ್ಗ ಸಿಗುವುದಿಲ್ಲ

ಲ್ಯಾಪ್‌ಟಾಪ್ ನಿಧಾನವಾಯಿತು ಎಂದರೂ, ಡಿಸ್ಕ್ ತುಂಬಿತು ಎಂದರೂ, ಹುಡುಕಿದ ಕಡತ ಸಿಗಲಿಲ್ಲ ಎಂದರೂ ಈಗ ಎಲ್ಲೆಡೆ ಒಂದೇ ಮದ್ದು. ಥಂಬ್‌ನೇಲ್ ಕ್ಯಾಶ್ ಅಳಿಸಿ, ಸರ್ಚ್ ಇಂಡೆಕ್ಸ್ ರೀಬಿಲ್ಡ್ ಮಾಡಿ. ರಿಪೇರಿ ಅಂಗಡಿಯ ಹುಡುಗರು ಇದನ್ನು ಹೇಳುತ್ತಾರೆ, ವಾಟ್ಸ್ಆ್ಯಪ್ ಸಂದೇಶಗಳು ಹೇಳುತ್ತವೆ, ‘ಕ್ಲೀನರ್’ ಎಂದು ಹೆಸರಿಟ್ಟುಕೊಂಡ ಸಾಫ್ಟ್‌ವೇರ್‌ಗಳಂತೂ ಕೆಂಪು ಅಕ್ಷರದಲ್ಲಿ ಹೆದರಿಸಿ ಹೇಳುತ್ತವೆ. ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಯಂತ್ರ ಹಗುರಾಗುತ್ತದೆ ಎಂಬುದು ಬಹುಮಂದಿಯ ನಂಬಿಕೆ. ಈ ನಂಬಿಕೆ ತಪ್ಪು. ಕನ್ನಡದಲ್ಲಿ ಬರೆಯುವವರ ಮಟ್ಟಿಗೆ ಅದು ಹಾನಿಕರವೂ ಹೌದು, ಏಕೆಂದರೆ ನಿಜವಾದ ಕಾಯಿಲೆಯನ್ನು ಅದು ಮುಚ್ಚಿಡುತ್ತದೆ.

ಒಂದು ಉದಾಹರಣೆ ಕಟ್ಟಿಕೊಂಡರೆ ವಿಷಯ ತಿಳಿಯಾಗುತ್ತದೆ. ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ ಹೋಬಳಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಇದ್ದಾರೆ ಎಂದುಕೊಳ್ಳಿ. ಹದಿನೈದು ವರ್ಷದಿಂದ ಊರಿನ ಇತಿಹಾಸ ಕೂಡಿಹಾಕುತ್ತಿದ್ದಾರೆ. ಕೋಟೆಯ ಮೇಲಿನ ಬುರುಜು, ಬಾಗಿಲು, ನೀರಿನ ದೊಣೆಗಳ ಹತ್ತು ಸಾವಿರ ಫೋಟೊಗಳಿವೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಏಳೆಂಟುನೂರು ವರ್ಡ್ ಕಡತಗಳಿವೆ. ಹಳೆಯ ಶಾಸನ ಸಂಪುಟಗಳ ಸ್ಕ್ಯಾನ್ ಪ್ರತಿಗಳಿವೆ. ಒಂದು ದಿನ ಅವರು ಹುಡುಕುವ ಪೆಟ್ಟಿಗೆಯಲ್ಲಿ ಚನ್ನರಾಯನದುರ್ಗ ಎಂದು ಬರೆದು ಎಂಟರ್ ಒತ್ತುತ್ತಾರೆ. ಒಂದೇ ಒಂದು ಕಡತವೂ ಬರುವುದಿಲ್ಲ. ಲ್ಯಾಪ್‌ಟಾಪ್ ಹಿಡಿದು ಅಂಗಡಿಗೆ ಹೋದರೆ, “ಕ್ಯಾಶ್ ತುಂಬ್ಕೊಂಡೈತೆ ಮೇಷ್ಟ್ರೇ, ಇಂಡೆಕ್ಸ್ ರೀಬಿಲ್ಡ್ ಮಾಡ್ಕೊಡ್ತೀನಿ, ಸರಿ ಹೋಗ್ತದೆ” ಎಂಬ ಉತ್ತರ.

ಸರಿ ಹೋಗುವುದಿಲ್ಲ. ಯಾಕೆಂದು ತಿಳಿಯಲು ಇಂಡೆಕ್ಸ್ ಎಂದರೇನು ಎಂಬುದನ್ನು ಮೊದಲು ನೋಡಬೇಕು.

ಸಂಶೋಧನಾ ಗ್ರಂಥಗಳ ಕೊನೆಯಲ್ಲಿ ಪದಸೂಚಿ ಇರುತ್ತದೆಯಲ್ಲ, ಇಂಡೆಕ್ಸ್ ಅದೇ. ವಿಂಡೋಸ್ ಬಿಡುವಿದ್ದಾಗ ಒಂದೊಂದು ಕಡತವನ್ನೂ ತೆರೆದು, ಒಳಗಿನ ಅಕ್ಷರಗಳನ್ನು ಪದಗಳಾಗಿ ಬಿಡಿಸಿ, ಯಾವ ಪದ ಯಾವ ಕಡತದಲ್ಲಿದೆ ಎಂದು ಒಂದು ದತ್ತಕೋಶದಲ್ಲಿ ಬರೆದಿಡುತ್ತದೆ. ವಿಂಡೋಸ್ 10ರವರೆಗೆ ಆ ದತ್ತಕೋಶದ ಹೆಸರು `Windows.edb`, ವಿಂಡೋಸ್ 11ರಲ್ಲಿ `Windows.db`. ಕಡತ ಬದಲಾದರೆ ಅದರ ಸಾಲನ್ನು ಮಾತ್ರ ತಿದ್ದುತ್ತದೆ. ಬಳಕೆದಾರ ಹುಡುಕಿದಾಗ ಅದು ಕಡತಗಳನ್ನು ಓದುವುದಿಲ್ಲ, ಈ ಸೂಚಿಯನ್ನು ಓದುತ್ತದೆ. ಆದ್ದರಿಂದ ಇದು ಕಸವಲ್ಲ, ಆಗಿಹೋದ ದುಡಿಮೆಯ ದಾಖಲೆ. ರೀಬಿಲ್ಡ್ ಎಂದರೆ ಆ ದಾಖಲೆಯನ್ನು ಪೂರ್ತಿ ಹರಿದೆಸೆದು ಮೊದಲ ಪುಟದಿಂದ ಮತ್ತೆ ಬರೆಸುವುದು. ಹರಿದೆಸೆದ ಸೂಚಿಯಲ್ಲಿ ತಪ್ಪಿದ್ದರೆ ಮಾತ್ರ ಅದರಿಂದ ಲಾಭ. ಓದಿದ ಪುಸ್ತಕದಲ್ಲೇ ಆ ಪದ ಇಲ್ಲದಿದ್ದರೆ ನೂರು ಸಲ ಬರೆಸಿದರೂ ಅದು ಸೂಚಿಗೆ ಬರುವುದಿಲ್ಲ.

ಮೇಷ್ಟ್ರ ಕಡತಗಳಲ್ಲಿ ಆಗಿರುವುದು ಇದೇ. ಅವುಗಳಲ್ಲಿ ಚನ್ನರಾಯನದುರ್ಗ ಎಂಬ ಪದವಿಲ್ಲ. ಪರದೆಯ ಮೇಲೆ ಕಣ್ಣಿಗೆ ಕಾಣುತ್ತದೆ, ಮುದ್ರಿಸಿದರೆ ಕಾಗದದ ಮೇಲೂ ಬರುತ್ತದೆ. ಆದರೆ ಡಿಸ್ಕಿನಲ್ಲಿ ಇರುವುದು ಇದು:

```
ZÀ£ÀßgÁAiÀÄ£ÀzÀÄUÀð
```

ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯಾಗಲಿ, 1998ರಲ್ಲಿ ಬಂದ ಬರಹವಾಗಲಿ, ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಇನ್ನೂ ಸರಿಯಾದ ಜಾಗವಿಲ್ಲದ ಕಾಲದಲ್ಲಿ ಒಂದು ಉಪಾಯ ಮಾಡಿದವು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡ ಅಕ್ಷರದ ಚೂರುಗಳನ್ನು ಚಿತ್ರವಾಗಿ ಕೂರಿಸಿದವು. `Z` ಇದ್ದಲ್ಲಿ ಚಕಾರದ ಮೈ, `À` ಇದ್ದಲ್ಲಿ ತಲೆಕಟ್ಟು, `ß` ಇದ್ದಲ್ಲಿ ನಕಾರದ ಒತ್ತು. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಸರ್ಕಾರಿ ಕಚೇರಿಗಳ ಕನ್ನಡ, ಊರೂರಿನ ಟೈಪಿಂಗ್ ಅಂಗಡಿಗಳ ಕನ್ನಡ ಇದೇ ದಾರಿಯಲ್ಲಿ ಬೆಳೆಯಿತು. ಆದರೆ ಕನ್ನಡ ಇದ್ದದ್ದು ಫಾಂಟಿನ ಚಿತ್ರದಲ್ಲಿ, ಕಡತದಲ್ಲಲ್ಲ. ಯುನಿಕೋಡ್ 1991ರಲ್ಲಿ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸಂಖ್ಯೆಗಳನ್ನು ಕೊಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿ ಕನ್ನಡಕ್ಕೆಂದು ತುಂಗಾ ಫಾಂಟನ್ನೂ ತಂದಿತು. ಹಳೆಯ ಕಡತಗಳು ಮಾತ್ರ ಇದ್ದಲ್ಲೇ ಉಳಿದವು. ಅದಕ್ಕಿಂತ ಬೇಸರದ ಸಂಗತಿಯೆಂದರೆ ಹಳೆಯ ವಿಧಾನದಲ್ಲಿ ಹೊಸ ಕಡತಗಳೂ ಹುಟ್ಟುತ್ತಲೇ ಇವೆ.

ಇಂಡೆಕ್ಸರ್ ಫಾಂಟನ್ನು ನೋಡುವುದಿಲ್ಲ, ಸಂಖ್ಯೆಯನ್ನು ನೋಡುತ್ತದೆ. ಮೇಷ್ಟ್ರು ಈಗ ಫೋನಿನಲ್ಲಿ ಬರೆಯುವಂತೆ ಯುನಿಕೋಡ್ ಕೀಲಿಮಣೆಯಿಂದ ಊರಿನ ಹೆಸರು ಬರೆದಾಗ ಹೋಗುವ ಸಂಖ್ಯೆಗಳಿಗೂ ಕಡತದಲ್ಲಿರುವ ಸಂಖ್ಯೆಗಳಿಗೂ ಒಂದೂ ಹೊಂದುವುದಿಲ್ಲ. ಹಾಗಾದರೆ ಹುಡುಕುವ ಪೆಟ್ಟಿಗೆಯಲ್ಲೇ ಆ ವಿಚಿತ್ರ ಅಕ್ಷರಗಳನ್ನು ಅಂಟಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಅದೂ ನೆಚ್ಚತಕ್ಕ ದಾರಿಯಲ್ಲ. ವಿಂಡೋಸ್ ಹುಡುಕಾಟಕ್ಕೆ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಒಂದೇ. ನುಡಿಯಲ್ಲಾದರೋ `G` ಎಂದರೆ ಉ, `g` ಎಂದರೆ ರಕಾರದ ಮೈ. ಮೇಲಾಗಿ ನುಡಿಯ ನಕಾರ ಕೂತಿರುವುದು ಪೌಂಡ್ ಹಣದ ಗುರುತಿನ ಮೇಲೆ, ಮತ್ತು ಅದು ಪದ ಬಿಡಿಸುವ ಕ್ರಮಕ್ಕೆ ಅಕ್ಷರವೇ ಅಲ್ಲ. ಊರಿನ ಹೆಸರು ನಡುವೆಯೇ ತುಂಡಾಗಬಹುದು.

ಇದು ತನ್ನ ಕಡತದ ಕಥೆಯೋ ಅಲ್ಲವೋ ಎಂದು ಯಾರಾದರೂ ಒಂದು ನಿಮಿಷದಲ್ಲಿ ನೋಡಬಹುದು. ವರ್ಡ್ ಕಡತದಿಂದ ಒಂದು ಸಾಲು ನಕಲು ಮಾಡಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಬೇಕು. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯುನಿಕೋಡ್. `ZÀ£Àß` ಎಂದು ಬಂದರೆ ರೀಬಿಲ್ಡ್ ಗುಂಡಿಗೂ ಆ ಕಡತಕ್ಕೂ ಸಂಬಂಧವಿಲ್ಲ. ಈ ಒಂದು ಪರೀಕ್ಷೆ ಮಾಡದೆ ಇಂಡೆಕ್ಸ್ ಅಳಿಸುವವರು ಗಿರಾಕಿಯ ಹೊತ್ತನ್ನು ಹಾಳು ಮಾಡುತ್ತಾರೆ. ಅದಕ್ಕಿಂತ ಕೆಟ್ಟದ್ದು, ‘ಕಂಪ್ಯೂಟರಿನಲ್ಲಿ ಕನ್ನಡ ಹುಡುಕಲು ಬರುವುದಿಲ್ಲ’ ಎಂಬ ಸುಳ್ಳನ್ನು ಅವರ ತಲೆಯಲ್ಲಿ ಬಿತ್ತಿ ಕಳಿಸುತ್ತಾರೆ.

ಮದ್ದು ಪರಿವರ್ತನೆ. ನುಡಿ ಕಡತವನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಇವೆ, ಉಚಿತವಾಗಿಯೇ ಸಿಗುತ್ತವೆ. ಮೂಲ ಕಡತ ಮುಟ್ಟದೆ ನಕಲಿನ ಮೇಲೆ ಕೆಲಸ ಮಾಡಬೇಕು. ಕಡತದ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನು ಬಿಟ್ಟು ತಿರುಗಿಸಬೇಕು, ಇಲ್ಲದಿದ್ದರೆ ಅವೂ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. ಪರಿವರ್ತಕ ಒಳ್ಳೆಯದೋ ಅಲ್ಲವೋ ಎನ್ನುವುದಕ್ಕೆ ಈ ಸೀಮೆಯವರಿಗೆ ಪರೀಕ್ಷೆಯ ಪದ ಕೈಯಲ್ಲೇ ಇದೆ: ದುರ್ಗ. ನುಡಿಯಲ್ಲಿ ಅರ್ಕಾವತ್ತು ಗಕಾರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ರಕಾರ ಗಕಾರಕ್ಕಿಂತ ಮೊದಲು ಬರಬೇಕು. ಈ ಸ್ಥಾನಪಲ್ಲಟ ಮಾಡದ ಪರಿವರ್ತಕ ದುರ್ಗವನ್ನು ‘ದುಗರ್’ ಮಾಡುತ್ತದೆ. ಕರ್ನಾಟಕವು ‘ಕನಾರ್ಟಕ’ ಆದದ್ದನ್ನು ಕನ್ನಡ ಓದುಗರು ಎಷ್ಟೋ ಕಡೆ ಕಂಡಿದ್ದಾರೆ, ಆದದ್ದು ಹೀಗೆಯೇ. ತಿರುಗಿಸಿದ ಕಡತವನ್ನು ಅದೇ ಫೋಲ್ಡರಿನಲ್ಲಿ ಉಳಿಸಿದರೆ ಸಾಕು, ಇಂಡೆಕ್ಸರ್ ತಾನೇ ಬಂದು ಓದಿಕೊಳ್ಳುತ್ತದೆ. ಆಗಲೂ ರೀಬಿಲ್ಡ್ ಬೇಕಿಲ್ಲ.

ತಿರುಗಿಸಿದ ಮೇಲೂ ಕೆಲವು ಕಡತ ತಪ್ಪಿಸಿಕೊಂಡರೆ ಕಾರಣ ಕಾಗುಣಿತದಲ್ಲಿ ಇರಬಹುದು. ಒಂದೇ ಊರನ್ನು ಒಬ್ಬರು ಚನ್ನರಾಯನದುರ್ಗ ಎಂದು, ಇನ್ನೊಬ್ಬರು ಚೆನ್ನರಾಯನದುರ್ಗ ಎಂದು ಬರೆಯುತ್ತಾರೆ. ಕಚೇರಿ ಕಾಗದಗಳಲ್ಲಂತೂ ಬಹಳ ಸಲ ಬರೀ ಸಿ.ಎನ್.ದುರ್ಗ. ಹುಡುಕಾಟ ಪದವನ್ನು ತಲೆಯಿಂದ ಹೊಂದಿಸುತ್ತದೆ. ಹಾಗಾಗಿ ಚನ್ನರಾಯನದುರ್ಗ ಎಂದು ಹುಡುಕಿದರೆ ‘ಚನ್ನರಾಯನದುರ್ಗದಲ್ಲಿ’ ಸಿಗುತ್ತದೆ, ಬರೀ ದುರ್ಗ ಎಂದರೆ ಆ ಉದ್ದ ಪದದ ಬಾಲ ಸಿಗುವುದಿಲ್ಲ. ಕನ್ನಡ ಪದಕ್ಕೆ ಪದ ಅಂಟಿಕೊಳ್ಳುವ ಭಾಷೆ ಎಂಬುದನ್ನು ನೆನಪಿಟ್ಟು ಹುಡುಕಬೇಕು.

ಇನ್ನು ಸ್ಕ್ಯಾನ್ ಮಾಡಿದ ಪುಸ್ತಕಗಳು. ತುಮಕೂರು ಜಿಲ್ಲೆಯ ಶಾಸನಗಳು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟವಾಗಿ 1904ರಲ್ಲಿ ಅಚ್ಚಾದವು. ಶಿರಾ, ಪಾವಗಡ, ಮಧುಗಿರಿ ಸೀಮೆಯ ಬಗ್ಗೆ ಕೆಲಸ ಮಾಡುವವರಿಗೆ ಅದು ಮೊದಲ ಆಕರ. ಇಂಥ ಹಳೆಯ ಪುಸ್ತಕದ ಪಿಡಿಎಫ್ ಬರೀ ಪುಟಗಳ ಫೋಟೊ ಆಗಿದ್ದರೆ ಅದರಲ್ಲಿ ಇಂಡೆಕ್ಸರ್‌ಗೆ ಓದಲು ಒಂದಕ್ಷರವೂ ಇರುವುದಿಲ್ಲ. ಪಿಡಿಎಫ್ ತೆರೆದು ಮೌಸಿನಿಂದ ಒಂದು ಪದವನ್ನು ಆಯ್ದುಕೊಳ್ಳಲು ಬರುತ್ತದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ. ಬಾರದಿದ್ದರೆ ಚಿತ್ರದಿಂದ ಅಕ್ಷರ ತೆಗೆಯುವ ಕೆಲಸ ಆಗಬೇಕು. ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶ ಕನ್ನಡವನ್ನೂ ಓದುತ್ತದೆ, ಹಳೆಯ ಅಚ್ಚಿನಲ್ಲಿ ತಪ್ಪುಗಳು ಬರುತ್ತವೆ, ತಿದ್ದಬೇಕಾಗುತ್ತದೆ. ಅಕ್ಷರ ತೆಗೆದ ಮೇಲೂ ಒಂದು ಮಾತು ತಿಳಿದಿರಬೇಕು. ರೈಸ್ ಅವರ ಪುಸ್ತಕದಲ್ಲಿ ಮಧುಗಿರಿ ಇಲ್ಲ, ಮದ್ದಗಿರಿ ಇದೆ. ಆಗ ಊರಿನ ಹೆಸರು ಅದೇ. ಇದನ್ನು ಹೇಳಬಲ್ಲವರು ಮೇಷ್ಟ್ರು ಮಾತ್ರ, ಯಾವ ದತ್ತಕೋಶವೂ ಅಲ್ಲ. ಹಾಗೆಯೇ ಹಳೆಯ ಡಿಟಿಪಿ ಅಂಗಡಿಗಳ ಪೇಜ್‌ಮೇಕರ್ ಕಡತಗಳ ಒಳಗನ್ನು ಓದುವ ಸಾಧನ ವಿಂಡೋಸ್‌ನಲ್ಲಿ ಇಲ್ಲವೇ ಇಲ್ಲ. ಅವುಗಳ ಹೆಸರಷ್ಟೇ ಸೂಚಿಗೆ ಸೇರುತ್ತದೆ.

ಹುಡುಕಾಟ ಹಾಗಿರಲಿ, ಇಂಡೆಕ್ಸ್ ಬೆಳೆದು ಡಿಸ್ಕ್ ನುಂಗುತ್ತದೆಯಲ್ಲ ಎಂಬುದು ಎದುರು ಪಕ್ಷದ ಎರಡನೆಯ ವಾದ. ಬೆಳೆಯುತ್ತದೆ, ನಿಜ. ಎಷ್ಟು ಬೆಳೆದರೆ ಸಹಜ ಎಂಬ ಅಳತೆಯೂ ಇದೆ. ಮೈಕ್ರೋಸಾಫ್ಟ್ ಹೇಳುವ ಪ್ರಕಾರ ಸೂಚಿ ಸಾಮಾನ್ಯವಾಗಿ ತಾನು ಓದಿದ ಕಡತಗಳ ಗಾತ್ರದ ನೂರಕ್ಕೆ ಹತ್ತಕ್ಕಿಂತ ಕಡಿಮೆ ಇರುತ್ತದೆ. ತೀರಾ ಚಿಕ್ಕ ಕಡತಗಳು ರಾಶಿ ಇದ್ದರೆ ಹೆಚ್ಚಾಗಬಹುದು. ಸಾಮಾನ್ಯ ಬಳಕೆದಾರರ ಸೂಚಿಯಲ್ಲಿ 30,000ಕ್ಕಿಂತ ಕಡಿಮೆ ಬಾಬ್ತುಗಳಿರುತ್ತವೆ, 4,00,000 ದಾಟಿದರೆ ನಿಧಾನವಾಗಲು ಶುರುವಾಗುತ್ತದೆ ಎಂಬುದೂ ಅವರದೇ ಲೆಕ್ಕ. ಈ ಸಂಖ್ಯೆ ಕಂಟ್ರೋಲ್ ಪ್ಯಾನೆಲ್‌ನ Indexing Options ಕಿಟಕಿಯ ತಲೆಯಲ್ಲೇ ಕಾಣುತ್ತದೆ. ಮೊದಲು ಅದನ್ನು ಓದಬೇಕು. ಅದನ್ನು ಓದದೆ ಅದೇ ಕಿಟಕಿಯಿಂದ ಒಳಗೆ ಹೋಗಿ Rebuild ಒತ್ತುವುದು ಈಗಿನ ರೂಢಿ.

ಸಂಖ್ಯೆ ಲಕ್ಷಗಳಲ್ಲಿದ್ದರೆ ಯಾರೋ ಎಲ್ಲವನ್ನೂ ಓದುವಂತೆ ಹೇಳಿದ್ದಾರೆ ಎಂದರ್ಥ. ವಿಂಡೋಸ್ ಸೆಟ್ಟಿಂಗ್‌ಗಳಲ್ಲಿ Classic ಮತ್ತು Enhanced ಎಂಬ ಎರಡು ಆಯ್ಕೆಗಳಿವೆ. ಮೊದಲನೆಯದು ಬಳಕೆದಾರರ ಡಾಕ್ಯುಮೆಂಟ್, ಫೋಟೊ ಮುಂತಾದ ಕೆಲವು ಜಾಗಗಳನ್ನು ಓದುತ್ತದೆ, ಎರಡನೆಯದು ಇಡೀ ಯಂತ್ರವನ್ನು. Enhanced ಇಟ್ಟು ರೀಬಿಲ್ಡ್ ಮಾಡಿದರೆ ಸೂಚಿ ಮತ್ತೆ ಅದೇ ಗಾತ್ರಕ್ಕೆ ಬಂದು ನಿಲ್ಲುತ್ತದೆ, ನಡುವೆ ಗಂಟೆಗಟ್ಟಲೆ ಯಂತ್ರ ದುಡಿದದ್ದಷ್ಟೇ ಹೆಚ್ಚಿನ ಫಲ. Classic ಆಯ್ದು, ಬೇಡದ ಫೋಲ್ಡರ್ ತೆಗೆದರೆ ಕಾರಣವೇ ಹೋಗುತ್ತದೆ.

ಬಾಬ್ತುಗಳು ಕಡಿಮೆಯಿದ್ದೂ ದತ್ತಕೋಶ ದೊಡ್ಡದಿದ್ದರೆ ಅದು ಬೇರೆ ಸಂಗತಿ. `Windows.edb` ಮಾದರಿಯ ದತ್ತಕೋಶ ಅಳಿಸಿದ ಸಾಲುಗಳ ಜಾಗವನ್ನು ಡಿಸ್ಕಿಗೆ ತಾನಾಗಿ ಹಿಂದಿರುಗಿಸುವುದಿಲ್ಲ, ಮುಂದಿನ ಸಾಲುಗಳಿಗೆಂದು ಒಳಗೇ ಖಾಲಿ ಇಟ್ಟುಕೊಳ್ಳುತ್ತದೆ. ದೊಡ್ಡ ಮೇಲ್ ಸಂಗ್ರಹವನ್ನೋ ಫೋಲ್ಡರನ್ನೋ ತೆಗೆದ ಮೇಲೂ ಕಡತ ಇಳಿಯದಿರುವುದು ಇದಕ್ಕೇ. ಅಳತೆ ನೋಡುವಾಗ ಪ್ರಾಪರ್ಟೀಸ್‌ನಲ್ಲಿ Size on disk ಎಂಬ ಸಾಲನ್ನು ನೋಡಬೇಕು, ಮೇಲಿನ Size ಹಲವು ಸಲ ಹೆಚ್ಚು ತೋರಿಸುತ್ತದೆ. ಒಳಗಿನ ಟೊಳ್ಳು ಹಿಂಡಲು ಸೂಚಿಯನ್ನು ಹರಿದೆಸೆಯಬೇಕಾಗಿಲ್ಲ. ವಿಂಡೋಸ್ 10ರಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೀಗೆ ಮಾಡಿದರೆ ಇದ್ದ ದಾಖಲೆ ಉಳಿದೇ ಗಾತ್ರ ಇಳಿಯುತ್ತದೆ:

```
sc config wsearch start= disabled
net stop wsearch
esentutl /d %AllUsersProfile%\Microsoft\Search\Data\Applications\Windows\Windows.edb
sc config wsearch start= delayed-auto
net start wsearch
```

ಈ ಕೆಲಸಕ್ಕೆ ದತ್ತಕೋಶದಷ್ಟೇ, ತುಸು ಹೆಚ್ಚೇ, ಖಾಲಿ ಜಾಗ ಬೇಕು. ಡಿಸ್ಕ್ ಪೂರ್ತಿ ತುಂಬಿದ್ದರೆ ಇದು ನಡೆಯುವುದಿಲ್ಲ. ಆಗ ರೀಬಿಲ್ಡ್ ಮಾಡುವುದೇ ಸರಿ.

ಥಂಬ್‌ನೇಲ್ ಕ್ಯಾಶಿನ ಮೇಲಿನ ಸಿಟ್ಟಿಗಂತೂ ಆಧಾರವೇ ಇಲ್ಲ. ಮೇಷ್ಟ್ರ ಹತ್ತು ಸಾವಿರ ಫೋಟೊಗಳು, ಒಂದೊಂದು ನಾಲ್ಕು ಎಂಬಿ ಎಂದರೆ 40 ಜಿಬಿ. ಪ್ರತಿಯೊಂದರ ಪುಟ್ಟ ಚಿತ್ರಕ್ಕೆ ಸುಮಾರು 20 ಕೆಬಿ ಹಿಡಿದರೆ 200 ಎಂಬಿ, ಬೇರೆ ಬೇರೆ ಅಳತೆಯವೂ ಸೇರಿ 400 ಎಂಬಿ ಆಯಿತೆನ್ನೋಣ. ಅವರ 256 ಜಿಬಿ ಡಿಸ್ಕಿನಲ್ಲಿ ಅದು ನೂರಕ್ಕೆ ಕಾಲು ಭಾಗವೂ ಅಲ್ಲ. ಇದಿರುವುದು ಬಳಕೆದಾರರ `AppData\Local\Microsoft\Windows\Explorer` ಫೋಲ್ಡರಿನಲ್ಲಿ, `thumbcache_256.db` ಎಂಬಂಥ ಹೆಸರಿನಲ್ಲಿ. ಅಳಿಸಿದ ಕ್ಷಣ 400 ಎಂಬಿ ಸಿಗುತ್ತದೆ. ಮೇಷ್ಟ್ರು ಮನೆಗೆ ಬಂದು ಕೋಟೆಯ ಫೋಲ್ಡರ್ ತೆರೆದ ಕೂಡಲೇ ಯಂತ್ರ ಅಲ್ಲಿನ ಫೋಟೊಗಳನ್ನು ಮತ್ತೆ ಓದಿ, ಬಿಡಿಸಿ, ಕುಗ್ಗಿಸಿ ಪುಟ್ಟ ಚಿತ್ರ ಬರೆಯಲು ಕೂರುತ್ತದೆ. ನಿನ್ನೆವರೆಗೆ ತಟ್ಟನೆ ತೆರೆಯುತ್ತಿದ್ದ ಫೋಲ್ಡರು ಇಂದು ಬಿಳಿ ಚೌಕಗಳನ್ನು ತೋರಿಸುತ್ತಾ ತಡೆಯುತ್ತದೆ. ವೇಗಕ್ಕೆಂದು ಕೊಟ್ಟ ದುಡ್ಡಿಗೆ ಅವರು ನಿಧಾನವನ್ನು ಕೊಂಡುಕೊಂಡಂತಾಯಿತು. ಎಲ್ಲ ಫೋಲ್ಡರ್ ನೋಡಿ ಮುಗಿಸುವ ಹೊತ್ತಿಗೆ ಆ 400 ಎಂಬಿಯೂ ಹಿಂದಿನ ಜಾಗಕ್ಕೆ ಬಂದಿರುತ್ತದೆ.

ಈ ಕ್ಯಾಶ್ ಅಳಿಸಬೇಕಾದ ಸಂದರ್ಭಗಳಿವೆ. ಒಂದು ಫೋಟೊಗೆ ಇನ್ನೊಂದರ ಪುಟ್ಟ ಚಿತ್ರ ಕಂಡರೆ ಕ್ಯಾಶ್ ಕೆಟ್ಟಿದೆ. ಲ್ಯಾಪ್‌ಟಾಪನ್ನು ಬೇರೆಯವರಿಗೆ ಕೊಡುವಾಗಲೂ ಅಳಿಸಬೇಕು, ಏಕೆಂದರೆ ಫೋಟೊ ಅಳಿಸಿದ ಮೇಲೂ ಅದರ ಪುಟ್ಟ ಚಿತ್ರ ಅಲ್ಲಿ ಉಳಿದಿರಬಹುದು. ವಿಧಿವಿಜ್ಞಾನ ಪರೀಕ್ಷಕರು ಆ ಕಡತಗಳನ್ನು ಹುಡುಕುವುದು ಇದಕ್ಕಾಗಿಯೇ. ತನಿಖೆಯ ಆ ಸತ್ಯವನ್ನು ವೇಗದ ವಾದಕ್ಕೆ ಬಳಸುವುದು ಸಲ್ಲದು. ಅಂದಹಾಗೆ, ಲಿನಕ್ಸ್‌ನ ಗ್ನೋಮ್ ಪರಿಸರದಲ್ಲಿ ಈ ಕ್ಯಾಶಿಗೆ ಮಿತಿಯೇ ಇದೆ. ಬೇರೆ ಹೇಳದಿದ್ದರೆ 180 ದಿನ ಮೀರಿದ ಪುಟ್ಟ ಚಿತ್ರಗಳನ್ನು ಅದು ತಾನೇ ತೆಗೆಯುತ್ತದೆ, ಒಟ್ಟು ಗಾತ್ರವನ್ನು 512 ಎಂಬಿ ಒಳಗೆ ಇಡುತ್ತದೆ.

ರೀಬಿಲ್ಡ್ ನಂಬಿಕೆ ಇಷ್ಟು ಗಟ್ಟಿಯಾಗಿರುವುದಕ್ಕೆ ಕಾರಣ, ಅದು ಅಂಗಡಿಯ ಮೇಜಿನ ಮೇಲೆ ಫಲ ಕೊಟ್ಟಂತೆ ಕಾಣುತ್ತದೆ. ಡಿಸ್ಕಿನಲ್ಲಿ ಜಾಗ ಹೆಚ್ಚಾದದ್ದು ಗಿರಾಕಿಯ ಕಣ್ಣಿಗೆ ಬೀಳುತ್ತದೆ. ತಡವರಿಸುತ್ತಿದ್ದ ಹುಡುಕಾಟ ಸರಾಗವಾದಂತೆ ಅನ್ನಿಸುತ್ತದೆ, ಏಕೆಂದರೆ ಸೇವೆ ಹೊಸದಾಗಿ ಶುರುವಾಗಿದೆ ಮತ್ತು ಸೂಚಿಯಲ್ಲಿ ಹುಡುಕಲು ಹೆಚ್ಚೇನೂ ಇಲ್ಲ. ಬರೀ `net stop wsearch`, `net start wsearch` ಎಂದು ಸೇವೆಯನ್ನು ನಿಲ್ಲಿಸಿ ಶುರು ಮಾಡಿದ್ದರೂ ಅದೇ ಫಲ ಸಿಗುತ್ತಿತ್ತೇ ಎಂದು ಯಾರೂ ನೋಡುವುದಿಲ್ಲ. ಉಳಿದ ಖರ್ಚು ಮನೆಯಲ್ಲಿ ಬೀಳುತ್ತದೆ. ಬಳಕೆದಾರ ಕೆಲಸ ಮಾಡುತ್ತಿದ್ದಾಗ ಇಂಡೆಕ್ಸರ್ ವೇಗ ತಗ್ಗಿಸಿಕೊಳ್ಳುತ್ತದೆ, ಹಾಗಾಗಿ ಸೂಚಿ ತುಂಬಲು ಗಂಟೆಗಳು, ಕೆಲವೊಮ್ಮೆ ದಿನಗಳು ಬೇಕು. ಅಲ್ಲಿಯವರೆಗೆ ನಿನ್ನೆ ಸಿಗುತ್ತಿದ್ದ ಕಡತಗಳೂ ಸಿಗುವುದಿಲ್ಲ. ದುರ್ಗದ ತಪ್ಪಲಿನ ಮನೆಯಲ್ಲಿ ಆಗುವ ಈ ತೊಂದರೆಯನ್ನು ಅಂಗಡಿಯ ಮೇಜಿಗೆ ಯಾರೂ ಜೋಡಿಸಿ ನೋಡುವುದಿಲ್ಲ. ಇನ್ನೊಂದು ನಷ್ಟವೂ ಇದೆ. ಬಾಬ್ತುಗಳ ಸಂಖ್ಯೆ, ದತ್ತಕೋಶದ ಗಾತ್ರ, ಎಲ್ಲಿ ನಿಂತಿತ್ತು ಎಂಬ ಗುರುತು ಎಲ್ಲವೂ ರೀಬಿಲ್ಡ್ ಜೊತೆ ಅಳಿಸಿಹೋಗುತ್ತವೆ. ಮುಂದೆ ಯಾರಾದರೂ ಬಲ್ಲವರು ಕಾರಣ ಹುಡುಕಲು ಬಂದರೂ ನೋಡಲು ಏನೂ ಉಳಿದಿರುವುದಿಲ್ಲ.

ಹಾಗಾದರೆ ಆ ಗುಂಡಿ ಯಾವಾಗ ಸರಿ? ಸೂಚಿಯೇ ಕೆಟ್ಟಾಗ. ಅದರ ಲಕ್ಷಣ ಸ್ಪಷ್ಟ. ಯಂತ್ರವನ್ನು ಗಂಟೆಗಟ್ಟಲೆ ಸುಮ್ಮನೆ ಬಿಟ್ಟರೂ ಬಾಬ್ತುಗಳ ಸಂಖ್ಯೆ ಒಂದೇ ಕಡೆ ನಿಂತಿರುತ್ತದೆ, ಸೇವೆ ಶುರುವಾಗಿ ತಾನೇ ಬಿದ್ದುಹೋಗುತ್ತದೆ, ಅಥವಾ ಯುನಿಕೋಡಿನಲ್ಲೇ ಇರುವ, ಸೂಚಿಗೆ ಸೇರಿದ ಫೋಲ್ಡರಿನಲ್ಲೇ ಇರುವ ಕಡತದೊಳಗಿನ ಪದ ಸಿಗುವುದಿಲ್ಲ. ಈ ಕೊನೆಯದನ್ನು ಮೇಷ್ಟ್ರು ಸ್ವತಃ ಪರೀಕ್ಷಿಸಬಹುದು. ನೋಟ್‌ಪ್ಯಾಡ್ ತೆರೆದು, ಯುನಿಕೋಡ್ ಕೀಲಿಮಣೆಯಲ್ಲಿ ಬೇರೆಲ್ಲೂ ಬಾರದ ಒಂದು ಪದ, ‘ಕೋಟೆಬಾಗಿಲುಪರೀಕ್ಷೆ’ ಎಂಬಂಥದ್ದು, ಬರೆದು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಬೇರೆ ಹೆಸರಿನಿಂದ ಉಳಿಸಬೇಕು. ಚಹಾ ಕುಡಿದು ಬಂದು ಆ ಪದವನ್ನು ಹುಡುಕಬೇಕು. ಸಿಗದಿದ್ದರೆ ಸೇವೆಯನ್ನೊಮ್ಮೆ ನಿಲ್ಲಿಸಿ ಶುರು ಮಾಡಿ ಮತ್ತೆ ನೋಡಬೇಕು, ಆಗಲೂ ಸಿಗದಿದ್ದರೆ ರೀಬಿಲ್ಡ್ ಮಾಡಿ ರಾತ್ರಿಯಿಡೀ ಚಾರ್ಜರಿಗೆ ಹಾಕಿ ಬಿಡಬಹುದು. ಸಿಕ್ಕಿದರೆ ಸೂಚಿಗೆ ಏನೂ ಆಗಿಲ್ಲ. ಮಾಡಬೇಕಾದ ಕೆಲಸ ಇರುವುದು ಆ ಏಳೆಂಟುನೂರು ನುಡಿ ಕಡತಗಳಲ್ಲಿ. ಮೊದಲ ಕಡತವನ್ನು ತಿರುಗಿಸಿ, ದುರ್ಗ ‘ದುಗರ್’ ಆಗಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ ಎರಡನೆಯದನ್ನು ತೆರೆಯಬಹುದು.